ನಿಮ್ಮ ಹೆಸರಿನಲ್ಲಿ ತೆಗೆದ ಸಾಲ

1992ರ ಜನವರಿ 28ರ ರಾತ್ರಿ ಅಮೆರಿಕದ ಅಧ್ಯಕ್ಷ ಹಿರಿಯ ಜಾರ್ಜ್ ಬುಷ್ ಅಲ್ಲಿನ ಸಂಸತ್ತಿನ ಮುಂದೆ ನಿಂತು ಆರ್ಥಿಕತೆಗೆ ಚುರುಕು ಮುಟ್ಟಿಸುವ ಸುಲಭದ ಉಪಾಯವೊಂದನ್ನು ಹೇಳಿದರು. ಆರ್ಥಿಕ ಹಿಂಜರಿತ ಲೆಕ್ಕದ ಪ್ರಕಾರ ಮುಗಿದಿತ್ತು. ಆದರೆ ಕೆಲಸ ಕಳೆದುಕೊಂಡವರ ಸಂಖ್ಯೆ ಏರುತ್ತಲೇ ಇತ್ತು, ನವೆಂಬರಿನಲ್ಲಿ ಚುನಾವಣೆ ಬೇರೆ ಇತ್ತು. ತೆರಿಗೆ ದರ ಇಳಿಸಬೇಕೆಂದರೆ ಸಂಸತ್ತು ಒಪ್ಪಬೇಕು. ಸಂಸತ್ತು ವಿರೋಧ ಪಕ್ಷದ ಕೈಯಲ್ಲಿತ್ತು. ಅದನ್ನು ಕೇಳದೆಯೇ ಮಾಡಬಹುದಾಗಿದ್ದ ಕೆಲಸ ಒಂದೇ: ತಿಂಗಳ ಸಂಬಳದಿಂದ ಎಷ್ಟು ತೆರಿಗೆ ಮುರಿದುಕೊಳ್ಳಬೇಕು ಎಂಬ ಕೋಷ್ಟಕವನ್ನು ಬದಲಿಸುವುದು. ನಾವು ಟಿಡಿಎಸ್ ಎನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ.

ಬದಲಾದ ಕೋಷ್ಟಕ ಮಾರ್ಚ್‌ನಲ್ಲಿ ಜಾರಿಗೆ ಬಂತು. ಸಾಮಾನ್ಯ ನೌಕರನೊಬ್ಬನ ಕೈಗೆ ತಿಂಗಳಿಗೆ ಸುಮಾರು 28 ಡಾಲರ್ 80 ಸೆಂಟ್ ಹೆಚ್ಚಿಗೆ ಬರತೊಡಗಿತು. ಇಡೀ ದೇಶದ ಲೆಕ್ಕದಲ್ಲಿ ಅದು ವರ್ಷಕ್ಕೆ ಸುಮಾರು 2,500 ಕೋಟಿ ಡಾಲರ್. ಜನ ಬಟ್ಟೆ ಕೊಳ್ಳಲಿ, ಮಕ್ಕಳ ಕಾಲೇಜಿಗೆ ಕಟ್ಟಲಿ, ಹೊಸ ಕಾರು ತರಲಿ ಎಂಬುದು ಅಧ್ಯಕ್ಷರ ಆಸೆ.

ಇದರಲ್ಲೊಂದು ಸಣ್ಣ ತೊಡಕಿತ್ತು. ಯಾರ ತೆರಿಗೆಯೂ ಒಂದು ಸೆಂಟ್ ಕೂಡ ಇಳಿದಿರಲಿಲ್ಲ. ವರ್ಷದ ಒಟ್ಟು ತೆರಿಗೆ ಇದ್ದಷ್ಟೇ ಇತ್ತು. ಪ್ರತಿ ತಿಂಗಳು ಕಡಿಮೆ ಮುರಿದುಕೊಂಡದ್ದನ್ನು ಮುಂದಿನ ಏಪ್ರಿಲ್‌ನಲ್ಲಿ ರಿಟರ್ನ್ ಸಲ್ಲಿಸುವಾಗ ಸರಿಹೊಂದಿಸಬೇಕಿತ್ತು. ಅಂದರೆ ಮಾರ್ಚ್‌ನಿಂದ ಡಿಸೆಂಬರ್‌ವರೆಗೆ ಹತ್ತು ತಿಂಗಳಲ್ಲಿ ಕೈಗೆ ಬಂದ 288 ಡಾಲರ್‌ನಷ್ಟೇ 1993ರ ರೀಫಂಡ್‌ನಲ್ಲಿ ಕಡಿಮೆಯಾಗುತ್ತಿತ್ತು. ನಡುವಿನ ಅವಧಿಗೆ ಸರ್ಕಾರ ಅಷ್ಟು ಹಣವನ್ನು ಮಾರುಕಟ್ಟೆಯಲ್ಲಿ ಸಾಲ ಎತ್ತಿ ತುಂಬಿಸಿಕೊಳ್ಳಬೇಕು. ಈ ಕೈಯಲ್ಲಿ ಕೊಟ್ಟು ಆ ಕೈಯಲ್ಲಿ ಕಿತ್ತುಕೊಳ್ಳುವ ವ್ಯವಹಾರ ಇದಕ್ಕಿಂತ ಬಿಚ್ಚುಮನಸ್ಸಿನಿಂದ ನಡೆದದ್ದು ಕಡಿಮೆ.

ಅರ್ಥಶಾಸ್ತ್ರಜ್ಞರಿಗೆ ಇಂಥ ಸಂದರ್ಭ ಸುಲಭವಾಗಿ ಸಿಗುವುದಿಲ್ಲ. ಸರ್ಕಾರ ಸಾಲ ಮಾಡಿ ತೆರಿಗೆ ಇಳಿಸಿದಾಗ ಜನ ಹೆಚ್ಚು ಖರ್ಚು ಮಾಡುತ್ತಾರೋ ಇಲ್ಲವೋ ಎಂಬುದು ಇನ್ನೂರು ವರ್ಷದ ಹಳೆಯ ಜಗಳ. ಸಾಮಾನ್ಯವಾಗಿ ಆ ಸಾಲ ಯಾವಾಗ ತೀರುತ್ತದೆ, ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಬುಷ್ ಅವರ ಯೋಜನೆಯಲ್ಲಿ ಎರಡೂ ಗೊತ್ತಿತ್ತು: ಮುಂದಿನ ಏಪ್ರಿಲ್, ನಿಮ್ಮದೇ ತಲೆ.

ಜಗಳದ ಮೂಲ ಡೇವಿಡ್ ರಿಕಾರ್ಡೊ. ಲಂಡನ್ನಿನ ಷೇರುಪೇಟೆಯಲ್ಲಿ ದುಡ್ಡು ಮಾಡಿದ ಈತ ಸರ್ಕಾರಕ್ಕೆ ಸಾಲ ಒದಗಿಸುವ ದಲ್ಲಾಳಿಯೂ ಆಗಿದ್ದ. ನೆಪೋಲಿಯನ್ ವಿರುದ್ಧದ ಯುದ್ಧ ಮುಗಿಯುವ ಹೊತ್ತಿಗೆ ಬ್ರಿಟನ್ನಿನ ಸಾಲ ದೇಶದ ವರಮಾನವನ್ನೇ ಮೀರಿ ಬೆಳೆದಿತ್ತು. ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದ ಪುರವಣಿಗೆ 1820ರಲ್ಲಿ ಬರೆದ ಪ್ರಬಂಧದಲ್ಲಿ ರಿಕಾರ್ಡೊ ಒಂದು ಲೆಕ್ಕ ಇಟ್ಟ. ಯುದ್ಧಕ್ಕೆ ವರ್ಷಕ್ಕೆ 2 ಕೋಟಿ ಪೌಂಡ್ ಬೇಕು ಎನ್ನೋಣ. ಒಂದೇ ಸಲಕ್ಕೆ ಜನರಿಂದ 2 ಕೋಟಿ ತೆರಿಗೆ ಎತ್ತಬಹುದು. ಅಥವಾ ಶೇ 5ರ ಬಡ್ಡಿಗೆ ಸಾಲ ಮಾಡಿ, ಅಸಲನ್ನು ಎಂದೂ ತೀರಿಸದೆ, ವರ್ಷಕ್ಕೆ 10 ಲಕ್ಷದ ಬಡ್ಡಿಗಾಗಿ ಮಾತ್ರ ಕೊನೆಯಿಲ್ಲದೆ ತೆರಿಗೆ ಹಾಕುತ್ತ ಹೋಗಬಹುದು. ಇಲ್ಲವೇ ವರ್ಷಕ್ಕೆ 12 ಲಕ್ಷದಂತೆ 45 ವರ್ಷ ಕಟ್ಟಿ ಅಸಲನ್ನೂ ತೀರಿಸಬಹುದು. ಬಡ್ಡಿ ಸೇರಿಸಿ ನೋಡಿದರೆ ಮೂರರ ಬೆಲೆಯೂ ಒಂದೇ, ಹೊರೆಯೂ ಒಂದೇ ಎಂದ.

ಈ ಲೆಕ್ಕವನ್ನು ಇಂದಿನ ಮನೆಯೊಂದಕ್ಕೆ ತಂದು ನೋಡೋಣ. ಸರ್ಕಾರ ತನ್ನ ಖರ್ಚನ್ನು ಕಡಿಮೆ ಮಾಡದೆ ನಿಮ್ಮ ತೆರಿಗೆಯನ್ನು ಈ ವರ್ಷ 10,000 ರೂಪಾಯಿ ಇಳಿಸಿತು. ಕಡಿಮೆಬಿದ್ದ ಹಣಕ್ಕೆ ಶೇ 7ರ ಬಡ್ಡಿಯ ಬಾಂಡ್ ಮಾರಿತು. ಹತ್ತು ವರ್ಷದ ನಂತರ ಬಡ್ಡಿಗೆ ಬಡ್ಡಿ ಸೇರಿ ಅದು 19,672 ರೂಪಾಯಿಯಾಗುತ್ತದೆ, ಅಷ್ಟನ್ನು ನಿಮ್ಮಿಂದಲೇ ತೆರಿಗೆಯಾಗಿ ಎತ್ತುತ್ತದೆ ಎಂದಿಟ್ಟುಕೊಳ್ಳಿ. ಇದು ನಿಮಗೆ ಇಂದೇ ಗೊತ್ತಿದ್ದರೆ ಏನು ಮಾಡುತ್ತೀರಿ? ಸಿಕ್ಕ 10,000ವನ್ನು ಅದೇ ಶೇ 7ರ ಬಡ್ಡಿಗೆ ಬ್ಯಾಂಕಿನಲ್ಲಿಟ್ಟರೆ ಹತ್ತು ವರ್ಷಕ್ಕೆ ಸರಿಯಾಗಿ 19,672 ಆಗಿರುತ್ತದೆ. ಅದನ್ನು ತೆಗೆದು ಕಟ್ಟಿದರೆ ಮುಗಿಯಿತು. ಜೀವಮಾನದ ಲೆಕ್ಕದಲ್ಲಿ ನೀವು ಒಂದು ರೂಪಾಯಿಯಷ್ಟೂ ಶ್ರೀಮಂತರಾಗಿಲ್ಲ. ಹಾಗಿದ್ದಮೇಲೆ ಹೊಸ ಟಿವಿ ಯಾಕೆ ಕೊಳ್ಳುತ್ತೀರಿ?

ಹೀಗೆ ಎಲ್ಲರೂ ಮಾಡಿದರೆ ಸರ್ಕಾರ ಎತ್ತಿದ ಸಾಲದಷ್ಟೇ ಉಳಿತಾಯ ಮನೆಗಳಲ್ಲಿ ಹೆಚ್ಚುತ್ತದೆ. ಬಾಂಡು ಕೊಳ್ಳುವ ಹಣ ತೆರಿಗೆ ಇಳಿಕೆಯಿಂದಲೇ ಬಂದಿರುತ್ತದೆ. ಅಂಗಡಿಯವನ ಗಲ್ಲಾಪೆಟ್ಟಿಗೆಗೆ ಏನೂ ಬೀಳುವುದಿಲ್ಲ, ಬಡ್ಡಿದರವೂ ಅಲುಗುವುದಿಲ್ಲ. ತೆರಿಗೆ ಎತ್ತುವುದು, ಸಾಲ ಎತ್ತುವುದು ಎರಡೂ ಸಮ ಎಂಬ ಈ ವಾದಕ್ಕೆ ರಿಕಾರ್ಡೊನ ಹೆಸರೇ ಅಂಟಿಕೊಂಡಿದೆ.

ವಿಚಿತ್ರವೆಂದರೆ ಸ್ವತಃ ರಿಕಾರ್ಡೊಗೆ ಇದರಲ್ಲಿ ನಂಬಿಕೆಯಿರಲಿಲ್ಲ. ಲೆಕ್ಕ ಸರಿ, ಆದರೆ ಜನ ಹೀಗೆ ಲೆಕ್ಕ ಹಾಕುವುದಿಲ್ಲ ಎಂದು ಅದೇ ಪ್ರಬಂಧದಲ್ಲಿ ಬರೆದ. ಒಮ್ಮೆ 1,000 ಪೌಂಡ್ ಕಟ್ಟುವುದೂ ಕೊನೆಯಿಲ್ಲದೆ ವರ್ಷಕ್ಕೆ 50 ಪೌಂಡ್ ಕಟ್ಟುವುದೂ ಒಂದೇ ಎಂದು ಯಾರನ್ನಾದರೂ ಒಪ್ಪಿಸುವುದು ಕಷ್ಟ ಎಂಬುದು ಅವನ ಅನುಭವ. ಮನುಷ್ಯ 50ನ್ನು ಮಾತ್ರ ನೋಡುತ್ತಾನೆ, ಹಿಂದಿನ ಸಾವಿರವನ್ನು ಮರೆಯುತ್ತಾನೆ, ತಾನು ಇರುವುದಕ್ಕಿಂತ ಶ್ರೀಮಂತ ಎಂದುಕೊಳ್ಳುತ್ತಾನೆ. ಆದ್ದರಿಂದಲೇ ಸರ್ಕಾರದ ಸಾಲ ಅಪಾಯಕಾರಿ ಎನ್ನುವುದು ಅವನ ನಿಲುವು. ಆಸ್ತಿವಂತರ ಮೇಲೆ ಒಂದೇ ಸಲ ದೊಡ್ಡ ತೆರಿಗೆ ಹಾಕಿ ದೇಶದ ಸಾಲವನ್ನು ತೀರಿಸಿಬಿಡೋಣ ಎಂದು ಸಂಸತ್ ಸದಸ್ಯನಾಗಿ ವಾದಿಸಿದ. ಆಸ್ತಿವಂತರೇ ತುಂಬಿದ್ದ ಸಭೆ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಆತ ಪಕ್ಕಕ್ಕಿಟ್ಟ ಲೆಕ್ಕವನ್ನು ಗಂಭೀರವಾಗಿ ಎತ್ತಿಕೊಂಡವರು ಅಮೆರಿಕದ ರಾಬರ್ಟ್ ಬ್ಯಾರೋ. 1974ರ ಅವರ ಪ್ರಬಂಧದ ತಲೆಬರಹವೇ ಒಂದು ಪ್ರಶ್ನೆ: ಸರ್ಕಾರಿ ಬಾಂಡು ನಿಜಕ್ಕೂ ಸಂಪತ್ತೇ? ಬಾಂಡು ಇಟ್ಟುಕೊಂಡವನಿಗೆ ಅದು ಆಸ್ತಿ. ಆದರೆ ಅದನ್ನು ತೀರಿಸಲು ತೆರಿಗೆ ಕಟ್ಟಬೇಕಾದವರಿಗೆ ಅಷ್ಟೇ ಮೊತ್ತದ ಹೊರೆ. ಎರಡನ್ನೂ ಕೂಡಿದರೆ ಉಳಿಯುವುದು ಸೊನ್ನೆ. ಸಾಲ ತೀರುವ ಹೊತ್ತಿಗೆ ನಾನು ಸತ್ತಿರುತ್ತೇನೆ, ಕಟ್ಟುವವರು ಮುಂದಿನವರು ಎಂಬ ಸಹಜ ಆಕ್ಷೇಪಕ್ಕೂ ಬ್ಯಾರೋ ಬಳಿ ಉತ್ತರವಿತ್ತು. ಮಕ್ಕಳಿಗೆ ಆಸ್ತಿ ಬಿಟ್ಟುಹೋಗುವ ತಂದೆತಾಯಿ ಮಕ್ಕಳ ಕಷ್ಟಸುಖವನ್ನೂ ತಮ್ಮ ಲೆಕ್ಕದಲ್ಲಿ ಸೇರಿಸಿಕೊಂಡಿರುತ್ತಾರೆ. ಮಕ್ಕಳ ಮೇಲೆ ತೆರಿಗೆ ಬೀಳುವುದು ಖಚಿತವಾದರೆ ಅಷ್ಟೇ ಮೊತ್ತವನ್ನು ಹೆಚ್ಚಿಗೆ ಬಿಟ್ಟುಹೋಗುತ್ತಾರೆ. ಮಕ್ಕಳಿಲ್ಲದವರ, ಬಿಟ್ಟುಹೋಗಲು ಏನೂ ಇಲ್ಲದವರ ಮಾತು ಬೇರೆ. ಅಂಥವರು ಎಲ್ಲ ದೇಶಗಳಲ್ಲೂ ಬೇಕಾದಷ್ಟಿದ್ದಾರೆ ಎಂಬುದು ಬ್ಯಾರೋ ವಿರೋಧಿಗಳ ಮೊದಲ ಬಾಣ.

ಈಗ 1992ಕ್ಕೆ ಮರಳಬಹುದು. ರಿಕಾರ್ಡೊನ ಲೆಕ್ಕ ಪೂರ್ತಿ ಸರಿಯಿದ್ದರೆ ಆ 28 ಡಾಲರ್‌ನಲ್ಲಿ ಯಾರೂ ಏನನ್ನೂ ಖರ್ಚು ಮಾಡಬಾರದಿತ್ತು. ಇಲ್ಲಿ ಮುಂದಿನ ಪೀಳಿಗೆಯ ಮಾತೂ ಇಲ್ಲ, ವರ್ಷದೊಳಗೆ ಲೆಕ್ಕ ಚುಕ್ತಾ. ಮ್ಯಾಥ್ಯೂ ಶಪೀರೊ ಮತ್ತು ಜೋಯಲ್ ಸ್ಲೆಮ್ರಾಡ್ ಎಂಬ ಅರ್ಥಶಾಸ್ತ್ರಜ್ಞರು ತಡಮಾಡದೆ ಸಮೀಕ್ಷೆ ನಡೆಸಿ ಜನರನ್ನೇ ಕೇಳಿದರು. ಹೆಚ್ಚಿಗೆ ಬಂದದ್ದರಲ್ಲಿ ಬಹುಪಾಲನ್ನು ಖರ್ಚು ಮಾಡುತ್ತೇವೆ ಎಂದವರು ಶೇ 43. ಉಳಿದವರು ಕೂಡಿಡುವ ಅಥವಾ ಹಳೆ ಸಾಲ ತೀರಿಸುವ ಕಡೆಗಿದ್ದರು.

ಈ ಶೇ 43 ಎಂಬ ಅಂಕಿ ಎರಡೂ ಪಕ್ಷಗಳಿಗೆ ಮುಜುಗರ ತಂದಿತು. ತಮ್ಮದೇ ಹಣ ಕೆಲವು ತಿಂಗಳು ಮುಂಚೆ ಬಂತೆಂದು ನೂರರಲ್ಲಿ ನಲವತ್ತಮೂರು ಜನ ಖರ್ಚಿಗೆ ಇಳಿಯುತ್ತಾರೆಂದರೆ ರಿಕಾರ್ಡೊನ ಲೆಕ್ಕದಂತೆ ಬದುಕುವವರು ಎಲ್ಲರೂ ಅಲ್ಲ. ಹಾಗೆಯೇ, ಜನರ ಕೈಗೆ ದುಡ್ಡು ಬಂದರೆ ಸಾಕು, ಪೇಟೆ ತಾನಾಗಿ ತುಂಬುತ್ತದೆ ಎಂದು ನಂಬಿದ ಅಧ್ಯಕ್ಷರಿಗೆ ಅರ್ಧಕ್ಕಿಂತ ಹೆಚ್ಚು ಜನ ಕೈಕೊಟ್ಟಿದ್ದರು. ಸಮೀಕ್ಷೆಯಲ್ಲಿ ಹೇಳುವುದು ಬೇರೆ, ಮಾಡುವುದು ಬೇರೆ ಎಂಬ ಎಚ್ಚರಿಕೆ ಇಟ್ಟುಕೊಂಡರೂ ಅಂಕಿ ನಡುವೆಯೇ ನಿಲ್ಲುತ್ತದೆ.

ಅಮೆರಿಕನ್ನರಿಗೆ ಅನುಮಾನಿಸಲು ಕಾರಣವೂ ಇತ್ತು ಎನ್ನಿ. ಇದೇ ಬುಷ್ 1988ರಲ್ಲಿ ಹೊಸ ತೆರಿಗೆ ಹಾಕುವುದೇ ಇಲ್ಲ ಎಂದು ಆಣೆಯಿಟ್ಟವರಂತೆ ಹೇಳಿ ಗೆದ್ದಿದ್ದರು. ಕೊರತೆ ಬೆಳೆದಾಗ 1990ರಲ್ಲಿ ಮಾತು ಮುರಿದು ಮೇಲಿನ ಹಂತದ ತೆರಿಗೆಯನ್ನು ಶೇ 28ರಿಂದ 31ಕ್ಕೆ ಏರಿಸಿದ್ದರು. ಇಂದಿನ ಕೊರತೆ ನಾಳೆಯ ತೆರಿಗೆ ಎಂಬ ಪಾಠವನ್ನು ಅರ್ಥಶಾಸ್ತ್ರ ಓದದವರಿಗೂ ಅವರೇ ಕಲಿಸಿದ್ದರು.

ಹಾಗಾದರೆ ಯಾರು ಖರ್ಚು ಮಾಡುತ್ತಾರೆ, ಯಾರು ಮಾಡುವುದಿಲ್ಲ? ನನ್ನ ಮಟ್ಟಿಗೆ ಈ ವಿಷಯವನ್ನು ಬಿಡಿಸಿಕೊಳ್ಳಲು ಸರಳ ದಾರಿ, ಸಾಲ ಮಾಡಿ ಕೊಟ್ಟ ತೆರಿಗೆ ಇಳಿಕೆಯನ್ನು ಸರ್ಕಾರ ನಿಮ್ಮ ಹೆಸರಿನಲ್ಲಿ ತೆಗೆದುಕೊಟ್ಟ ಸಾಲವೆಂದೇ ನೋಡುವುದು. ಬಡ್ಡಿ ಸರ್ಕಾರದ ದರದಲ್ಲಿ, ಅಂದರೆ ನಮ್ಮ ಉದಾಹರಣೆಯಲ್ಲಿ ಶೇ 7. ಆಗ ಪ್ರಶ್ನೆ ಇಷ್ಟೇ ಉಳಿಯುತ್ತದೆ: ಆ ದರದ ಸಾಲ ನಿಮಗೆ ಬೇಕಾಗಿತ್ತೆ?

ಒಂದು ಮನೆಯಲ್ಲಿ ಬ್ಯಾಂಕಿನಲ್ಲಿ ಠೇವಣಿಯಿದೆ, ಸಂಬಳ ನಿಶ್ಚಿಂತೆ. ಅವರಿಗೆ ಸಾಲ ಬೇಕಿರಲಿಲ್ಲ, ಬೇಕಿದ್ದರೆ ತಾವೇ ತೆಗೆಯುತ್ತಿದ್ದರು ಅಥವಾ ಠೇವಣಿ ಮುರಿಯುತ್ತಿದ್ದರು. ಅವರ 10,000 ಠೇವಣಿಗೆ ಸೇರುತ್ತದೆ. ಇನ್ನೊಂದು ಮನೆಯವರು ಶೇ 24ರ ಬಡ್ಡಿಗೆ ಕೈಸಾಲ ಮಾಡಿದ್ದಾರೆ. ಬಂದ ಹಣದಿಂದ ಅದನ್ನು ತೀರಿಸಿದರೆ ವರ್ಷಕ್ಕೆ 2,400 ರೂಪಾಯಿ ಬಡ್ಡಿ ಉಳಿಯುತ್ತದೆ, ಸರ್ಕಾರದ ಸಾಲಕ್ಕೆ ಬೀಳುವ ಬಡ್ಡಿ 700 ಮಾತ್ರ. ನಿವ್ವಳ 1,700ರ ಲಾಭ. ಇವರು ನಿಜಕ್ಕೂ ಸ್ವಲ್ಪ ಚೇತರಿಸಿಕೊಂಡರು, ಆದರೆ ಪೇಟೆಗೆ ಹೋಗಲಿಲ್ಲ. ಸಾಲ ತೀರಿಸಿದ್ದು ಅಂಕಿಅಂಶದಲ್ಲಿ ಉಳಿತಾಯವೆಂದೇ ದಾಖಲಾಗುತ್ತದೆ. ಮೂರನೆಯ ಮನೆಗೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ, ಮಳೆಗಾಲಕ್ಕೆ ಮುಂಚೆ ಸೋರುವ ಮಾಡು ರಿಪೇರಿಯಾಗಬೇಕು. ಮುಂದೆ ತೆರಿಗೆ ಏರುತ್ತದೆಂದು ಇವರಿಗೆ ಚೆನ್ನಾಗಿ ಗೊತ್ತಿದ್ದರೂ ಹಣ ಖರ್ಚಾಗುತ್ತದೆ, ಆಗಬೇಕಾದದ್ದೂ ಹಾಗೆಯೇ. ಬೇರೆಲ್ಲೂ ಸಿಗದ ಸಾಲ ಇವರಿಗೆ ಸರ್ಕಾರದ ಮೂಲಕ ಸಿಕ್ಕಿದೆ.

ಮೂರನೆಯ ಮನೆಯಂಥವು ಎಷ್ಟಿವೆ ಎಂಬುದರ ಮೇಲೆ ಒಟ್ಟು ಖರ್ಚು ನಿಂತಿದೆ. ತೆರಿಗೆ ಇಳಿಕೆ ಮೇಲಿನ ಹಂತದವರಿಗೆ ಹೋದಷ್ಟೂ ಮೊದಲ ಮನೆಯವರು ಹೆಚ್ಚುತ್ತಾರೆ. ಜನ ಮುಂದಾಲೋಚನೆಯವರೋ ಮರೆಗುಳಿಗಳೋ ಎಂಬ ವಾದಕ್ಕಿಂತ ಇದು ಮುಖ್ಯವೆಂದು ನನಗೆ ತೋರುತ್ತದೆ. ಇಲ್ಲಿ ಬದಲಾಗುವುದು ಮನೆಯ ಪರಿಸ್ಥಿತಿ, ಬುದ್ಧಿಯಲ್ಲ.

ಇಡೀ ದೇಶವೇ ಮೊದಲ ಮನೆಯಂತೆ ನಡೆದುಕೊಂಡದ್ದಕ್ಕೆ ಬ್ಯಾರೋ 1989ರಲ್ಲಿ ಕೊಟ್ಟ ಉದಾಹರಣೆ ಇಸ್ರೇಲ್. 1984ರಲ್ಲಿ ಅಲ್ಲಿ ಬೆಲೆಗಳು ಓಡುತ್ತಿದ್ದವು. ತೆರಿಗೆ ನಿಗದಿಯಾಗಿ ಖಜಾನೆಗೆ ಬರುವಷ್ಟರಲ್ಲಿ ಹಣದ ಬೆಲೆ ಕರಗಿಹೋಗುತ್ತಿತ್ತು. ಯಾರೂ ಘೋಷಿಸದ ತೆರಿಗೆ ಇಳಿಕೆ ಅದು. ಸರ್ಕಾರದ ಉಳಿತಾಯ ಹಿಂದಿನ ವರ್ಷ ಸೊನ್ನೆಗಿಂತ ಶೇ 4 ಕೆಳಗಿದ್ದದ್ದು ಶೇ 11 ಕೆಳಗಿಳಿಯಿತು. ಅದೇ ವರ್ಷ ಖಾಸಗಿ ಉಳಿತಾಯ ಶೇ 17ರಿಂದ 26ಕ್ಕೆ ಏರಿತು. 1985ರಲ್ಲಿ ಸರ್ಕಾರ ಬಿಗಿ ಕ್ರಮ ಕೈಗೊಂಡು ಕೊರತೆಯನ್ನು ಅಳಿಸಿಹಾಕಿದಾಗ ಖಾಸಗಿ ಉಳಿತಾಯ ಮತ್ತೆ ಶೇ 19ಕ್ಕೆ ಇಳಿಯಿತು. ಸರ್ಕಾರ ಕುಸಿದಾಗ ಜನ ಏರಿದರು, ಸರ್ಕಾರ ಎದ್ದಾಗ ಜನ ಸಡಿಲಿಸಿದರು, ದೇಶದ ಒಟ್ಟು ಉಳಿತಾಯ ಅಷ್ಟಾಗಿ ಅಲುಗಲಿಲ್ಲ.

ರಿಕಾರ್ಡೊನ ಲೆಕ್ಕಕ್ಕೆ ಇದಕ್ಕಿಂತ ಚೆಂದದ ಸಾಕ್ಷಿ ಬೇಕೆ ಎನಿಸಬಹುದು. ಆದರೆ ಅಂಥ ಹಣದುಬ್ಬರದಲ್ಲಿ ಉಳಿತಾಯವನ್ನು ಅಳೆಯುವುದೇ ಕಷ್ಟ. ಮೇಲಾಗಿ, ನಾಳೆ ಏನಾಗುತ್ತದೋ ಎಂಬ ಹೆದರಿಕೆಯಿಂದ ಕೈ ಬಿಗಿ ಹಿಡಿದದ್ದೂ, ನಾಳೆ ತೆರಿಗೆ ಬರುತ್ತದೆಂದು ಕೂಡಿಟ್ಟದ್ದೂ ಅಂಕಿಯಲ್ಲಿ ಒಂದೇ ಥರ ಕಾಣುತ್ತವೆ. ಇದು ಈ ಕ್ಷೇತ್ರದ ದೊಡ್ಡ ತಲೆನೋವು. ಸರ್ಕಾರಗಳು ತೆರಿಗೆ ಇಳಿಸುವುದು ಸಾಮಾನ್ಯವಾಗಿ ಕೆಟ್ಟ ಕಾಲದಲ್ಲಿ, ಜನ ಹೇಗೂ ಹೆದರಿ ಉಳಿಸುವ ಹೊತ್ತಿನಲ್ಲಿ. ಅಲ್ಲದೆ ಎದುರು ಸಾಕ್ಷಿಯೂ ದೂರವಿಲ್ಲ. 1981ರಲ್ಲಿ ರೇಗನ್ ತೆರಿಗೆ ಇಳಿಸಿದ ಮೇಲೆ ಅಮೆರಿಕದ ಕೊರತೆ ಬೆಟ್ಟದಂತೆ ಬೆಳೆಯಿತು. ಅಲ್ಲಿನ ಮನೆಗಳ ಉಳಿತಾಯ ಹೆಚ್ಚುವ ಬದಲು ದಶಕದ ಕೊನೆಯ ಭಾಗದಲ್ಲಿ ಮೊದಲಿಗಿಂತ ಕಡಿಮೆಯಾಯಿತು.

ರೇಗನ್ ಪ್ರಕರಣ ಇನ್ನೊಂದು ಮಾತನ್ನೂ ನೆನಪಿಸುತ್ತದೆ. ಮುಂದೆ ತೆರಿಗೆಯೇ ಏರಬೇಕೆಂದಿಲ್ಲ, ಸರ್ಕಾರ ತನ್ನ ಖರ್ಚನ್ನೂ ಇಳಿಸಬಹುದು. ತೆರಿಗೆ ಮೊದಲು ಇಳಿಸಿದರೆ ಹಣವಿಲ್ಲದೆ ಸರ್ಕಾರ ತಾನಾಗಿ ಸಣ್ಣದಾಗುತ್ತದೆ ಎಂಬ ನಂಬಿಕೆ ಆಗ ಅಲ್ಲಿ ಬಲವಾಗಿತ್ತು. ಅದನ್ನು ನಂಬಿದವರಿಗೆ ತೆರಿಗೆ ಇಳಿಕೆ ತೀರಿಸಬೇಕಾದ ಸಾಲವಾಗಿ ಕಾಣಲಿಲ್ಲ, ನಿಜವಾದ ಇಳಿಕೆಯಾಗಿಯೇ ಕಂಡಿತು. ರಿಕಾರ್ಡೊನ ಲೆಕ್ಕ ಹೊಂದುವುದು ಸರ್ಕಾರದ ಖರ್ಚು ಹಾಗೇ ಇರುತ್ತದೆಂದು ಜನ ಭಾವಿಸಿದಾಗ ಮಾತ್ರ.

ನಮ್ಮ ದೇಶದಲ್ಲೂ 1992ರದ್ದನ್ನು ಹೋಲುವ ಒಂದು ಪ್ರಸಂಗ ನಡೆದಿದೆ, ಅದು ತೆರಿಗೆಯ ಹೆಸರಿನಲ್ಲಿ ನಡೆಯಲಿಲ್ಲ ಅಷ್ಟೆ. ಕೋವಿಡ್ ವರ್ಷದ 2020ರ ಅಕ್ಟೋಬರ್ 12ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಕೇಂದ್ರ ಸರ್ಕಾರಿ ನೌಕರರಿಗೆ 10,000 ರೂಪಾಯಿಯ ಹಬ್ಬದ ಮುಂಗಡ ಘೋಷಿಸಿದರು. ಬಡ್ಡಿ ಇಲ್ಲ, ಹತ್ತು ಕಂತುಗಳಲ್ಲಿ ವಾಪಸು. ಹಬ್ಬದ ಮುಂಗಡ ಎಂದರೇನೆಂದು ಕರ್ನಾಟಕದ ಸರ್ಕಾರಿ ನೌಕರರಿಗೆ ವಿವರಿಸಬೇಕಿಲ್ಲ, ಸಂಬಳದ ಚೀಟಿಯಲ್ಲಿ ಕಂತು ಮುರಿಯುವುದನ್ನು ನೋಡಿಯೇ ಬೆಳೆದವರು. ಹೊಸತಿದ್ದದ್ದು ಹಣ ಕೊಟ್ಟ ರೀತಿ. ರೂಪೇ ಕಾರ್ಡಿನಲ್ಲಿ ತುಂಬಿಸಿ ಕೊಟ್ಟು, 2021ರ ಮಾರ್ಚ್ 31ರೊಳಗೆ ಖರ್ಚು ಮಾಡಬೇಕೆಂದು ಗಡುವು ಹಾಕಿದರು. ಅದೇ ದಿನ ಘೋಷಿಸಿದ ಎಲ್‌ಟಿಸಿ ವೋಚರ್ ಯೋಜನೆಯಲ್ಲೂ ಶೇ 12 ಅಥವಾ ಹೆಚ್ಚು ಜಿಎಸ್‌ಟಿ ಇರುವ ವಸ್ತುಗಳನ್ನು ಕೊಂಡರಷ್ಟೇ ಲಾಭ ಎಂಬ ಷರತ್ತಿತ್ತು.

ಕಾರ್ಡು ಯಾಕೆ ಬೇಕಾಯಿತು ಎಂಬುದು ಈಗ ಸುಲಭವಾಗಿ ತಿಳಿಯುತ್ತದೆ. ಕೆಲಸ ಭದ್ರವಿರುವ ನೌಕರ ಮೊದಲ ಮನೆಯವನು. ತಿಂಗಳಿಗೆ ಸಾವಿರದಂತೆ ವಾಪಸು ಹೋಗುವ ಹಣ ಖಾತೆಗೆ ಬಂದರೆ ಖಾತೆಯಲ್ಲೇ ಉಳಿಯುತ್ತದೆಂದು ದೆಹಲಿಗೆ ಅನುಮಾನವಿತ್ತು. ಆದರೆ ಕಾರ್ಡಿಗೂ ಮಿತಿಯಿದೆ. ಹೇಗೂ ಕೊಳ್ಳಬೇಕೆಂದಿದ್ದ ಸೀರೆ, ಪಂಚೆ, ಮಿಕ್ಸಿಯನ್ನು ಕಾರ್ಡಿನಲ್ಲಿ ಕೊಂಡು, ಅದಕ್ಕೆಂದು ತೆಗೆದಿಟ್ಟ ಸಂಬಳದ ಹಣವನ್ನು ಬ್ಯಾಂಕಿನಲ್ಲೇ ಬಿಟ್ಟರೆ ಕಾರ್ಡು ಖಾಲಿಯಾದರೂ ಮನೆಯ ಒಟ್ಟು ಖರ್ಚು ಹೆಚ್ಚುವುದಿಲ್ಲ. ಯಾವ ನೋಟು ಎಲ್ಲಿಂದ ಬಂತೆಂದು ಮನೆಯ ಲೆಕ್ಕ ಕೇಳುವುದಿಲ್ಲ. ಹೆಚ್ಚುವರಿ ಖರ್ಚು ಆಯಿತೋ ಇಲ್ಲವೋ ಎಂದು ತಿಳಿಯಲು ಕಾರ್ಡಿನ ಬಿಲ್ಲು ನೋಡಿದರೆ ಸಾಲದು, ಅದೇ ಮನೆಯ ಉಳಿತಾಯ ಖಾತೆಯನ್ನೂ ನೋಡಬೇಕು.

2025ರ ಬಜೆಟ್ಟಿನಲ್ಲಿ 12 ಲಕ್ಷದವರೆಗೆ ಆದಾಯ ತೆರಿಗೆ ಇಲ್ಲ ಎಂದಾಗಲೂ ಮಧ್ಯಮ ವರ್ಗ ಇನ್ನು ಧಾರಾಳವಾಗಿ ಕೊಳ್ಳುತ್ತದೆ ಎಂಬ ಮಾತು ಕೇಳಿಬಂತು. ಅದನ್ನು ರಿಕಾರ್ಡೊನ ಅಚ್ಚಿಗೆ ನೇರವಾಗಿ ಹಾಕಲಾಗದು. ಸರ್ಕಾರ ಬಿಟ್ಟುಕೊಟ್ಟದ್ದು ಸುಮಾರು 1 ಲಕ್ಷ ಕೋಟಿ ರೂಪಾಯಿ ನಿಜ, ಆದರೆ ಅದೇ ಬಜೆಟ್ಟು ವಿತ್ತೀಯ ಕೊರತೆಯನ್ನು ಜಿಡಿಪಿಯ ಶೇ 4.8ರಿಂದ 4.4ಕ್ಕೆ ಇಳಿಸುವ ಗುರಿ ಇಟ್ಟಿತ್ತು. ಕೊರತೆಯನ್ನು ಹಿಗ್ಗಿಸಿ ಕೊಟ್ಟ ಇಳಿಕೆ ಅದಲ್ಲ.

ನಮ್ಮಲ್ಲಿ ಇನ್ನೊಂದು ಗಂಟೂ ಇದೆ. ರಿಕಾರ್ಡೊನ ಲೆಕ್ಕದಲ್ಲಿ ಇಂದು ಪಡೆದವನೇ ನಾಳೆ ಕಟ್ಟುತ್ತಾನೆ. ಭಾರತದಲ್ಲಿ ಆದಾಯ ತೆರಿಗೆ ಕಟ್ಟುವವರು ಜನಸಂಖ್ಯೆಯ ಸಣ್ಣ ಭಾಗ, ಜಿಎಸ್‌ಟಿ ಕಟ್ಟುವವರು ಸೋಪು, ಬಿಸ್ಕತ್ತು ಕೊಳ್ಳುವ ಎಲ್ಲರೂ. ಸಾಲ ಮಾಡಿ ಸಂಬಳದಾರರ ಆದಾಯ ತೆರಿಗೆ ಇಳಿಸಿ, ಮುಂದೊಂದು ದಿನ ಆ ಸಾಲವನ್ನು ಜಿಎಸ್‌ಟಿ ಏರಿಸಿ ತೀರಿಸಿದರೆ, ಪಡೆದವರು ಕಟ್ಟಬೇಕಾದದ್ದು ಪಡೆದದ್ದಕ್ಕಿಂತ ಎಷ್ಟೋ ಕಡಿಮೆ. ಅವರು ನಿಶ್ಚಿಂತೆಯಿಂದ ಖರ್ಚು ಮಾಡಬಹುದು. ಮುಂದಿನ ತೆರಿಗೆಗೆಂದು ಇಂದೇ ಕೂಡಿಡಬೇಕಾದವರು ಕೂಲಿಕಾರರು, ಬೀದಿಬದಿಯ ವ್ಯಾಪಾರಿಗಳು. ಅವರ ಕೈಗೆ ಈ ಇಳಿಕೆಯಲ್ಲಿ ಒಂದು ಪೈಸೆಯೂ ಬಂದಿರುವುದಿಲ್ಲ, ತಮ್ಮ ಹೆಸರಿನಲ್ಲಿ ಸಾಲ ಎತ್ತಿದ್ದಾರೆಂಬ ಸುದ್ದಿಯೂ ಮುಟ್ಟಿರುವುದಿಲ್ಲ.